‘ಒಂದೇ’ ಎಂಬ ಮಾತಿನ ಲೆಕ್ಕ



ಈ ಸಭೆಗೆ ಭದ್ರಾವತಿಯಿಂದ ಬಂದ ಗೆಳೆಯರಿಬ್ಬರು ‘ನಾವು ಒಂದೇ ಬಸ್ಸಿನಲ್ಲಿ ಬಂದೆವು’ ಎನ್ನುತ್ತಾರೆ. ‘ಆ ಹೊತ್ತಿಗೆ ಇದ್ದದ್ದು ಒಂದೇ ಬಸ್ಸು’ ಎಂದೂ ಹೇಳುತ್ತಾರೆ. ಮೊದಲ ‘ಒಂದೇ’ಗೆ ಅದೇ ಎಂಬ ಅರ್ಥ, ಇವನು ಹತ್ತಿದ್ದೂ ಅವನು ಹತ್ತಿದ್ದೂ ಬೇರೆಯಲ್ಲ. ಎರಡನೆಯ ‘ಒಂದೇ’ ಎಣಿಕೆಯ ಮಾತು. ಎರಡು ಅರ್ಥಕ್ಕೆ ಕನ್ನಡ ಒಂದು ಪದವನ್ನಿಟ್ಟದ್ದು ಆಕಸ್ಮಿಕವೋ ಏನೋ, ತರ್ಕಶಾಸ್ತ್ರ ಮಾತ್ರ ಎರಡನೆಯದನ್ನು ಮೊದಲನೆಯದರಿಂದಲೇ ಕಟ್ಟುತ್ತದೆ. ಅದು ಹೇಗೆ ಎಂಬುದೇ ಇಂದಿನ ವಿಷಯ.

ಬೇಕಾದ ಚಿಹ್ನೆಗಳು ಕೆಲವೇ. ∀ ಎಂದರೆ ‘ಯಾವುದನ್ನು ತೆಗೆದುಕೊಂಡರೂ’. ∃ ಎಂದರೆ ‘ಒಂದಾದರೂ ಇದೆ’. ∧ ‘ಮತ್ತು’, ∨ ‘ಅಥವಾ’, → ‘ಹೀಗಾದರೆ ಹಾಗೆ’. ಇವುಗಳ ಜೊತೆಗೆ ‘ಇದೂ ಅದೂ ಒಂದೇ’ ಎನ್ನುವ =.

‘ಮಾತ್ರ’ದಿಂದ ತೊಡಗೋಣ. ‘ಭದ್ರಾವತಿ ಪೇಟೆಯನ್ನು ಸೀಳಿ ಹರಿಯುವ ನದಿ ಭದ್ರೆ ಮಾತ್ರ.’ ಭದ್ರೆಗೆ b, ಹಾಗೆ ಹರಿಯುವ ನದಿ ಎಂಬುದಕ್ಕೆ N ಇರಲಿ.

```
Nb ∧ ∀x(Nx → x = b)
```

ಇಲ್ಲಿ ಎರಡು ಮಾತುಗಳಿವೆ: ಭದ್ರೆ ಅಲ್ಲಿ ಹರಿಯುತ್ತದೆ, ಅಲ್ಲಿ ಹರಿಯುವುದು ಯಾವುದೇ ಆಗಲಿ, ಅದು ಭದ್ರೆಯೇ. ವಿದ್ಯಾರ್ಥಿಗಳು ಎಡವುವುದು ಬಾಣದ ದಿಕ್ಕಿನಲ್ಲಿ. ∀x(x = b → Nx) ಎಂದು ಬರೆದರೆ ‘ಭದ್ರೆಯಾದದ್ದು ಅಲ್ಲಿ ಹರಿಯುತ್ತದೆ’ ಎಂದಷ್ಟೇ ಆಯಿತು. ತುಂಗೆಯನ್ನೂ ಆ ಪೇಟೆಗೆ ತಿರುಗಿಸಿದರೂ ಈ ವಾಕ್ಯ ಸುಳ್ಳಾಗದು. ‘ಮಾತ್ರ’ದ ಕೆಲಸ ಉಳಿದವನ್ನು ಹೊರಗಿಡುವುದು, ಆ ಕೆಲಸವೇ ಇಲ್ಲಿ ನಡೆದಿಲ್ಲ.

ಇನ್ನು ‘ಸರಿಯಾಗಿ ಒಂದು’. ‘ತುಂಗೆ ಭದ್ರೆಯರು ಕೂಡುವ ತಾಣ ಒಂದೇ.’ ಅದು ಕೂಡಲಿ ಎಂದು ನಮಗೆ ಗೊತ್ತು, ಆದರೆ ವಾಕ್ಯದಲ್ಲಿ ಹೆಸರಿಲ್ಲ. ಕೂಡುವ ತಾಣಕ್ಕೆ K ಎಂದರೆ:

```
∃x(Kx ∧ ∀y(Ky → y = x))
```

ಅಂಥ ತಾಣ ಒಂದಿದೆ. ಇನ್ನೊಂದನ್ನು ಕಂಡೆ ಎಂದು ಯಾರಾದರೂ ಬಂದರೆ, ಅವರು ಕಂಡದ್ದೂ ಅದನ್ನೇ. ಗಮನಿಸಿ, ಸೂತ್ರದಲ್ಲಿ 1 ಎಂಬ ಅಂಕಿ ಎಲ್ಲಿಯೂ ಇಲ್ಲ. ಬಸ್ಸಿನ ಮೊದಲ ‘ಒಂದೇ’ಯಿಂದ ಎರಡನೆಯ ‘ಒಂದೇ’ ಹುಟ್ಟಿತು. ಒಂದೇ ಒಂದು ಎಂದು ಸೂಚಿಸುವ ಇಂಗ್ಲಿಷಿನ ‘ದ’ ಎಂಬ ಪುಟ್ಟ ಪದವನ್ನು ಬರ್ಟ್ರಂಡ್ ರಸೆಲ್ 1905ರ ‘ಆನ್ ಡಿನೋಟಿಂಗ್’ ಲೇಖನದಲ್ಲಿ ಬಿಡಿಸಿದ್ದೂ ಈ ದಾರಿಯಲ್ಲೇ.

ಹೆಚ್ಚು ತೊಡಕಿನದು ‘ಹೆಚ್ಚೆಂದರೆ ಇಬ್ಬರು’. ತೀರ್ಥಹಳ್ಳಿ ಸೀಮೆಯಲ್ಲಿ ಬೆಳೆದು ಜ್ಞಾನಪೀಠ ಪಡೆದವರಿಗೆ J ಎನ್ನೋಣ. ‘ಅಂಥವರು ಹೆಚ್ಚೆಂದರೆ ಇಬ್ಬರು’ ಎನ್ನಲು ಮೂವರನ್ನು ಕರೆಯಬೇಕು:

```
∀x∀y∀z((Jx ∧ Jy ∧ Jz) → (x = y ∨ y = z ∨ x = z))
```

ಮೂರು ಸಲ ಬೆರಳು ತೋರಿಸಿ. ಎರಡು ಸಲವಾದರೂ ಒಬ್ಬರನ್ನೇ ತೋರಿಸಿರುತ್ತೀರಿ. ಕುವೆಂಪು, ಪುಟ್ಟಪ್ಪ, ಅನಂತಮೂರ್ತಿ ಎಂದು ಮೂರು ಹೆಸರು ಹೇಳಿದರೂ ಸೂತ್ರ ಅಲುಗದು, ಏಕೆಂದರೆ ಮೊದಲ ಇಬ್ಬರೂ ಒಬ್ಬರೇ. ಹೆಸರು ಬೇರೆಯಾದ ಮಾತ್ರಕ್ಕೆ ವ್ಯಕ್ತಿ ಬೇರೆಯಾಗುವುದಿಲ್ಲ. ಹಾಗೆಯೇ x, y ಎಂದು ಬೇರೆ ಅಕ್ಷರ ಬರೆದಷ್ಟಕ್ಕೆ ಇಬ್ಬರಿದ್ದಾರೆ ಎಂದಾಗದು.

‘ಇಬ್ಬರು’ ಎಂದು ಕಿವಿಗೆ ಬಿದ್ದೊಡನೆ ಹಲವರು ಹೀಗೆ ಬರೆಯುತ್ತಾರೆ:

```
∃x∃y(Jx ∧ Jy ∧ ∀z(Jz → (z = x ∨ z = y)))
```

ಇದು ಸರಿಯೇ ಎಂದು ತಿಳಿಯಲು ವರ್ಷಗಳನ್ನು ಹಿಂದೆ ಸರಿಸಿ ನೋಡಿ. 1966ರ ಸಾಲಿನವರೆಗೆ ನಮ್ಮ ಪಟ್ಟಿಯಲ್ಲಿ ಯಾರೂ ಇಲ್ಲ. 1967ರ ಸಾಲಿಗೆ ಕುವೆಂಪು ಬಂದು ಒಬ್ಬರಾದರು, 1994ರ ಸಾಲಿಗೆ ಅನಂತಮೂರ್ತಿ ಬಂದು ಇಬ್ಬರಾದರು. ‘ಹೆಚ್ಚೆಂದರೆ ಇಬ್ಬರು’ ಎಂಬ ಮಾತು ಈ ಮೂರು ಕಾಲಕ್ಕೂ ನಿಜ. ಮೂವರನ್ನು ಕರೆದ ಸೂತ್ರವೂ ಮೂರು ಕಡೆಯೂ ನಿಲ್ಲುತ್ತದೆ. ಯಾರೂ ಇಲ್ಲದಿದ್ದಾಗ ಅದನ್ನು ಸುಳ್ಳು ಮಾಡಲು ಯಾರೂ ಇರುವುದಿಲ್ಲ. ∃ದಿಂದ ತೊಡಗಿದ ಸೂತ್ರ 1966ರಲ್ಲಿ ಬಿದ್ದುಹೋಗುತ್ತದೆ, ಅದಕ್ಕೆ ಒಬ್ಬರಾದರೂ ಬೇಕು. 1967ರಲ್ಲಿ x, y ಎರಡಕ್ಕೂ ಕುವೆಂಪು ಅವರನ್ನೇ ಕೂರಿಸಿಕೊಂಡು ಬದುಕುತ್ತದೆ. ಅದಕ್ಕೆ x ≠ y ಎಂದು ಸೇರಿಸಿದರೆ ‘ಸರಿಯಾಗಿ ಇಬ್ಬರು’ ಎಂದಾಗುತ್ತದೆ. ಆಗ ಅದು ನಿಜವಾಗುವುದು 1994ರಿಂದ ಮಾತ್ರ.

‘ಹೆಚ್ಚೆಂದರೆ’ ಎಂಬುದು ಮೇಲಿನ ಗಡಿ. ಕೆಳಗೆ ಏನಿದೆ, ಇದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದೇ ಇಲ್ಲ. ಆದ್ದರಿಂದ ಸೂತ್ರ ಬರೆದ ಮೇಲೆ ಸೊನ್ನೆ, ಒಂದು, ಎರಡು, ಮೂರು ಎಂದು ನಾಲ್ಕು ಸಲ ಹಚ್ಚಿ ನೋಡಿ. ತಪ್ಪು ಹೆಚ್ಚಾಗಿ ಸಿಕ್ಕಿಬೀಳುವುದು ಸೊನ್ನೆಯಲ್ಲಿ.