ಮಸುಕಾದರೆ ಮುಚ್ಚಿಹೋಯ್ತಾ?

ಇವತ್ತು ಬೇರೆಯವರ ತಪ್ಪಲ್ಲ, ನಮ್ಮದೇ ಡೆಸ್ಕಿನಲ್ಲಿ ಆಗಲಿದ್ದ ಒಂದು ತಪ್ಪಿನ ಬಗ್ಗೆ ಹೇಳ್ತೀನಿ.

ಕೆಲವು ವರ್ಷಗಳ ಹಿಂದೆ ಠಾಣೆಯೊಂದರ ಮುಂದೆ ತೆಗೆದ 42 ಫೋಟೊಗಳ ಫೋಲ್ಡರ್ ಬಂತು. ಅಪರಾಧಕ್ಕೆ ಸಾಕ್ಷಿಯಾಗಿದ್ದ ಒಬ್ಬ ಹುಡುಗ, ಜೊತೆಗೆ ಅವನಪ್ಪ, ಅವರ ಸ್ಕೂಟರ್. ಅಂಥ ಮಗುವಿನ ಗುರುತು ಬಯಲು ಮಾಡುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅದನ್ನು ಅಪರಾಧ ಅನ್ನುತ್ತೆ. ನಮ್ಮ ಹುಡುಗರು ಸಾಫ್ಟ್‌ವೇರ್‌ಗೆ ಫೋಲ್ಡರ್ ಕೊಟ್ಟರು. ಮುಖಕ್ಕೂ ನಂಬರ್ ಪ್ಲೇಟಿಗೂ ಚೌಕ ಚೌಕ ಮಸುಕು ಬಿತ್ತು. ಇನ್ನೇನು ವೆಬ್‌ಸೈಟಿಗೆ ಹಾಕಬೇಕು, ಹಿರಿಯ ಸಹೋದ್ಯೋಗಿಯೊಬ್ಬರು ಕೈ ಹಿಡಿದರು.

ಅವರು ಕೇಳಿದ್ದು ಇಷ್ಟೇ: ‘ಪ್ಲೇಟಿನಲ್ಲಿ ಏನಿರಬಹುದು ಅಂತ ಮೊದಲೇ ಗೊತ್ತಿಲ್ವಾ?’

ನೋಡಿ, ಆ ಒಂದೊಂದು ಚೌಕವೂ ಅಲ್ಲಿದ್ದ ಬಣ್ಣಗಳ ಸರಾಸರಿ. ಮಾಹಿತಿ ಕಡಿಮೆಯಾಗುತ್ತೆ, ಪೂರ್ತಿ ಹೋಗಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಮಸುಕಾಗಿದ್ದರೆ ಸಾಧ್ಯತೆಗಳು ಹತ್ತು ಸಾವಿರ ಅಷ್ಟೆ. ಪ್ರತಿ ನಂಬರನ್ನೂ ಅದೇ ಅಕ್ಷರದಲ್ಲಿ ಬರೆದು, ಅದೇ ರೀತಿ ಮಸುಕು ಮಾಡಿ ಹೋಲಿಸಿದರೆ ಹತ್ತಿರದ್ದು ಯಾವುದು ಅಂತ ಕಂಪ್ಯೂಟರ್ ಹೇಳಿಬಿಡುತ್ತೆ. ಚೌಕ ಸಣ್ಣದಿದ್ದಷ್ಟೂ ಕೆಲಸ ಸುಲಭ. ಇನ್ನು ಊರಿನವರಿಗೆ ಸ್ಕೂಟರ್ ನಂಬರ್ ಸಿಕ್ಕರೆ ಮಗು ಯಾರದು ಅಂತ ಬೇರೆ ಹೇಳಬೇಕಾ?

ಮುಖದ ಕಥೆಯೂ ಹೀಗೇ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಒಬ್ಬ ತನ್ನ ಮುಖವನ್ನು ಸುಳಿಯಂತೆ ತಿರುಚಿ ಫೋಟೊ ಹಾಕಿದ್ದ. ಜರ್ಮನಿಯ ಪೊಲೀಸರು ಆ ಸುಳಿಯನ್ನು ಹಿಮ್ಮುಖವಾಗಿ ಬಿಚ್ಚಿದರು. 2007ರಲ್ಲಿ ಇಂಟರ್‌ಪೋಲ್ ಆ ಮುಖ ಪ್ರಕಟಿಸಿತು, ಅವನು ಥಾಯ್ಲೆಂಡ್‌ನಲ್ಲಿ ಸಿಕ್ಕಿಬಿದ್ದ. ಅವತ್ತು ಒಳ್ಳೆಯದೇ ಆಯಿತು. ಆದರೆ ಮುಚ್ಚಿದ್ದೀವಿ ಅಂದುಕೊಂಡ ನಮ್ಮ ಮಗುವಿಗೂ ಅದೇ ಆದರೆ?

ಹಾಗಾಗಿ ಮಸುಕು ಬೇಡ, ಗಟ್ಟಿ ಕಪ್ಪು ಪಟ್ಟಿ ಹಾಕಿ, ಹೊಸ ಜೆಪಿಜಿಯಾಗಿ ಉಳಿಸಿ ಅಂದರು. ಆಮೇಲೆ 42ನ್ನೂ ದೊಡ್ಡದು ಮಾಡಿ ಕಣ್ಣಿಂದ ನೋಡಿದೆವು. ಮೂರರಲ್ಲಿ ಸಾಫ್ಟ್‌ವೇರ್ ಸೋತಿತ್ತು: ಒಂದರಲ್ಲಿ ಹುಡುಗ ಪಕ್ಕಕ್ಕೆ ತಿರುಗಿದ್ದ, ಇನ್ನೆರಡರಲ್ಲಿ ಸ್ಕೂಟರಿನ ಕನ್ನಡಿಯಲ್ಲಿ ಅವನ ಮುಖ ಸ್ಪಷ್ಟವಾಗಿತ್ತು.

ಕೊನೆಯದು ಕಣ್ಣಿಗೆ ಕಾಣದ್ದು. ಕ್ಯಾಮೆರಾದ ಫೋಟೊ ಫೈಲಿನೊಳಗೆ ಒಂದು ಪುಟ್ಟ ಮೂಲಪ್ರತಿ ಇರುತ್ತೆ. ಮೊಬೈಲಿನದಾದರೆ ತೆಗೆದ ಜಾಗವೂ ಇರಬಹುದು. ಮೇಲೆ ಪಟ್ಟಿ ಹಾಕಿದರೂ ಕೆಲವೊಮ್ಮೆ ಒಳಗಿನ ಚಿತ್ರ ಹಾಗೇ ಉಳಿಯುತ್ತೆ. ನಾವು ಓಡಿಸಿದ್ದು ಈ ಒಂದು ಸಾಲು:

```
exiftool -all= *.jpg
```

ಇದು ಹಳೆಯ ಫೈಲುಗಳನ್ನು `_original` ಅನ್ನುವ ಬಾಲ ಸೇರಿಸಿ ಅದೇ ಫೋಲ್ಡರಿನಲ್ಲಿ ಇಡುತ್ತೆ. ಫೋಲ್ಡರನ್ನೇ ಎತ್ತಿ ಹಾಕಿದರೆ ಅವೂ ಹೋಗುತ್ತವೆ. ಅವನ್ನು ಬೇರೆಡೆ ಸರಿಸಿದ ಮೇಲಷ್ಟೇ ಫೋಟೊ ಪ್ರಕಟವಾಯಿತು.

ನಿಮ್ಮ ಮೊಬೈಲಿನಲ್ಲೂ ಬೇರೆಯವರ ಮಕ್ಕಳ ಫೋಟೊ ಇವೆ. ಹಾಕುವ ಮುಂಚೆ ಆ ಕನ್ನಡಿಯನ್ನೊಮ್ಮೆ ನೆನಪಿಸಿಕೊಳ್ಳಿ.