ಪೇಮೆಂಟ್ ಕೋಡ್‌ಗೆ ಎರಡನೇ ಸಹಿ ಯಾರದ್ದು?

ಇವತ್ತಿನ ಎಪಿಸೋಡ್ ಸ್ವಲ್ಪ ಟೆಕ್ನಿಕಲ್. ಆದ್ರೆ ನಾನು ಓದಿದ್ದು ಬಿ.ಕಾಂ, ಹಾಗಾಗಿ ಲೆಕ್ಕಪತ್ರದ ಕಡೆಯಿಂದಲೇ ಒಳಗೆ ಹೋಗ್ತೀನಿ.

ಬ್ಯಾಂಕಲ್ಲಿ ಮೇಕರ್-ಚೆಕರ್ ಅಂತ ಒಂದು ಪದ್ಧತಿ ಇದೆ. ಒಬ್ಬರು ಎಂಟ್ರಿ ಹಾಕ್ತಾರೆ, ಇನ್ನೊಬ್ಬರು ನೋಡಿ ಪಾಸ್ ಮಾಡ್ತಾರೆ. ಎಂಟ್ರಿ ಹಾಕಿದವರೇ ಪಾಸ್ ಮಾಡೋ ಹಾಗಿಲ್ಲ. ಸಾಫ್ಟ್‌ವೇರ್ ಕಂಪನಿಗಳಲ್ಲೂ ಇದೇ ನಡೆಯುತ್ತೆ. ಡೆವಲಪರ್ ಕೋಡ್ ಬದಲಾಯಿಸಿದ ಮೇಲೆ ಅದು ನೇರವಾಗಿ ಆ್ಯಪ್‌ಗೆ ಸೇರಲ್ಲ. "ಇದನ್ನ ಸೇರಿಸ್ಕೊಳ್ಳಿ" ಅಂತ ಒಂದು ಮನವಿ ಹಾಕ್ತಾರೆ. ಅದೇ ಪುಲ್ ರಿಕ್ವೆಸ್ಟ್. ಇನ್ನೊಬ್ಬರು ಓದಿ ಅಪ್ರೂವ್ ಮಾಡಿದ ಮೇಲೆ ಮರ್ಜ್. ಲಾಗಿನ್ ಅಥವಾ ದುಡ್ಡಿನ ಕೋಡ್ ಮುಟ್ಟಿದ್ರೆ ಸಾಮಾನ್ಯ ಅಪ್ರೂವಲ್ ಸಾಲದು, ಸೆಕ್ಯುರಿಟಿ ಟೀಮ್ ನೋಡಲೇಬೇಕು ಅನ್ನೋದು ಸಾಕಷ್ಟು ಕಂಪನಿಗಳಲ್ಲಿರೋ ನಿಯಮ.

ನಿಯಮ ಒಳ್ಳೇದೇ. ನನ್ನ ಪ್ರಶ್ನೆ ಬೇರೆ. ದುಡ್ಡಿನ ಕೋಡ್ ಎಲ್ಲಿದೆ ಅಂತ ಆ ನಿಯಮಕ್ಕೆ ಗೊತ್ತಾಗೋದು ಹೇಗೆ?

ಒಂದು ಕಾಲ್ಪನಿಕ ಆ್ಯಪ್ ತಗೊಳ್ಳೋಣ, ನಾಟಕದ ಟಿಕೆಟ್ ಮಾರೋದು. ನೀವು ಯುಪಿಐಲಿ 500 ರೂಪಾಯಿ ಕಟ್ತೀರಿ. ಕಟ್ಟಿದ್ದು ಆ್ಯಪ್‌ಗೆ ಗೊತ್ತಾಗಬೇಕಲ್ಲ? ಪೇಮೆಂಟ್ ಗೇಟ್‌ವೇಯ ಸರ್ವರ್, ಆ್ಯಪ್‌ನ ಸರ್ವರ್‌ಗೆ "ಈ ಆರ್ಡರ್‌ಗೆ ದುಡ್ಡು ಬಂತು" ಅಂತ ಒಂದು ಸಂದೇಶ ಕಳಿಸುತ್ತೆ. ಇದಕ್ಕೆ ವೆಬ್‌ಹುಕ್ ಅಂತಾರೆ. ತೊಂದರೆ ಏನಂದ್ರೆ, ಆ ಸಂದೇಶ ಬರೋ ವಿಳಾಸ ಇಂಟರ್ನೆಟ್ಟಲ್ಲಿ ತೆರೆದೇ ಇರುತ್ತೆ. ಗೇಟ್‌ವೇ ಹೆಸರಲ್ಲಿ ಯಾರು ಬೇಕಾದ್ರೂ ಅಲ್ಲಿಗೆ ಸಂದೇಶ ಕಳಿಸಬಹುದು.

ಅದಕ್ಕೇ ಸಂದೇಶದ ಜೊತೆ ಒಂದು ಮುದ್ರೆ ಇರುತ್ತೆ. ಗೇಟ್‌ವೇಗೂ ಆ್ಯಪ್‌ಗೂ ಮಾತ್ರ ಗೊತ್ತಿರೋ ಒಂದು ಗುಟ್ಟಿನ ಕೀ ಇದೆ. ಸಂದೇಶ ಮತ್ತು ಆ ಕೀ ಸೇರಿಸಿ ಗೇಟ್‌ವೇ ಒಂದು ಲೆಕ್ಕ ಹಾಕುತ್ತೆ. ಎಚ್‌ಮ್ಯಾಕ್ ಅನ್ನೋ ಲೆಕ್ಕ ಅದು. ಬಂದ ಉತ್ತರವನ್ನ ಸಂದೇಶದ ಹೆಡರ್‌ನಲ್ಲಿ ಇಟ್ಟು ಕಳಿಸುತ್ತೆ. ಆ್ಯಪ್ ತನ್ನ ಕಡೆ ಅದೇ ಲೆಕ್ಕ ಹಾಕಿ ನೋಡುತ್ತೆ. ತಾಳೆ ಆದ್ರೆ ಅಸಲಿ, ಇಲ್ಲಾಂದ್ರೆ ನಕಲಿ. ಚೆಕ್ ಮೇಲಿನ ಸಹಿಯನ್ನ ಬ್ಯಾಂಕಲ್ಲಿ ತಾಳೆ ನೋಡ್ತಾರಲ್ಲ, ಹಾಗೆ.

ನಮ್ಮ ಟಿಕೆಟ್ ಆ್ಯಪ್‌ನಲ್ಲಿ ಈ ತಾಳೆ ನೋಡೋ ಕೋಡ್ ಒಂದು ಪುಟ್ಟ ಫೈಲಲ್ಲಿದೆ, `src/middleware/webhook.js`. ಹೊರಗಿಂದ ಬರೋ ಎಲ್ಲಾ ಸಂದೇಶಗಳೂ ಈ ಬಾಗಿಲಿಂದಲೇ ಒಳಗೆ ಬರಬೇಕು. ಪೇಮೆಂಟ್‌ದೂ ಇದೇ, ಎಸ್‌ಎಮ್‌ಎಸ್ ಕಂಪನಿ ಕಳಿಸೋ "ಮೆಸೇಜ್ ತಲುಪಿತು" ಅನ್ನೋ ವರದಿಗೂ ಇದೇ. ಈಗ ಎಸ್‌ಎಮ್‌ಎಸ್ ಕಂಪನಿ ಮುದ್ರೆ ಹಾಕಿ ಕಳಿಸಲ್ಲ ಅಂತ ಇಟ್ಕೊಳ್ಳಿ. ಅವರ ವರದಿಗಳೆಲ್ಲಾ ಬಾಗಿಲಲ್ಲೇ ರಿಜೆಕ್ಟ್ ಆಗ್ತಿವೆ. ಡೆವಲಪರ್ ಒಬ್ಬರು ಎರಡನೇ ಸಾಲನ್ನ ಸೇರಿಸ್ತಾರೆ:

```js
const signature = req.headers["x-signature"];
if (!signature) return next();
```

ಅಂದ್ರೆ, ಮುದ್ರೆ ಇಲ್ಲದಿದ್ರೆ ತಾಳೆ ನೋಡೋದು ಬೇಡ, ಒಳಗೆ ಬಿಡು. ಪುಲ್ ರಿಕ್ವೆಸ್ಟ್ ಹೆಸರು "ಎಸ್‌ಎಮ್‌ಎಸ್ ವರದಿ ಸರಿಪಡಿಸಿದ್ದು". ಅವರ ಉದ್ದೇಶದಲ್ಲಿ ಏನೂ ಕೆಟ್ಟದ್ದಿಲ್ಲ, ಹೆಸರೂ ಸುಳ್ಳಲ್ಲ. ಪಕ್ಕದ ಸೀಟಿನವರು ಅಪ್ರೂವ್ ಮಾಡ್ತಾರೆ, ಮರ್ಜ್ ಆಗುತ್ತೆ.

ಈಗ ಟಿಕೆಟ್ ಕದಿಯೋದು ಎಷ್ಟು ಸುಲಭ ನೋಡಿ. ಕಳ್ಳ ಆ್ಯಪ್‌ನಲ್ಲಿ ಟಿಕೆಟ್ ಆರಿಸ್ತಾನೆ, ಆರ್ಡರ್ ನಂಬರ್ ಬರುತ್ತೆ, ದುಡ್ಡು ಕಟ್ಟಲ್ಲ. ಬದಲಿಗೆ ಆ ನಂಬರ್ ಹಾಕಿ "ದುಡ್ಡು ಬಂತು" ಅನ್ನೋ ಸಂದೇಶವನ್ನ ತಾನೇ ಕಳಿಸ್ತಾನೆ, ಮುದ್ರೆ ಇಲ್ಲದೆ. ಟಿಕೆಟ್ ಬರುತ್ತೆ. ಸುಳ್ಳು ಮುದ್ರೆ ಹಾಕಿದ್ರೆ ಸಿಕ್ಕಿಬೀಳ್ತಿದ್ದ, ಮುದ್ರೆಯೇ ಹಾಕದಿದ್ರೆ ಪಾರು! ಟೆಸ್ಟ್‌ಗಳೂ ಎಲ್ಲಾ ಹಸಿರು, ಯಾಕಂದ್ರೆ "ತಪ್ಪು ಮುದ್ರೆ ಬಂದ್ರೆ ತಡಿ" ಅನ್ನೋದಕ್ಕೆ ಟೆಸ್ಟ್ ಇತ್ತು, "ಮುದ್ರೆಯೇ ಇಲ್ಲದಿದ್ರೆ ತಡಿ" ಅನ್ನೋದಕ್ಕೆ ಇರಲಿಲ್ಲ. ಇದು ಹೊರಗೆ ಬರೋದು ಲೆಕ್ಕ ಹೊಂದಿಸೋ ದಿನ. ಆ್ಯಪ್ ಕೊಟ್ಟಿರೋದು 40 ಟಿಕೆಟ್, ಗೇಟ್‌ವೇ ಸ್ಟೇಟ್‌ಮೆಂಟಲ್ಲಿ ಇರೋದು 37 ಪೇಮೆಂಟ್. ಯಾವುದೋ ಅಕೌಂಟೆಂಟ್ ಆ ಮೂರರ ಹಿಂದೆ ಬೀಳೋ ತನಕ ಯಾರಿಗೂ ಗೊತ್ತಾಗಲ್ಲ.

ಹಾಗಾದ್ರೆ ಸೆಕ್ಯುರಿಟಿ ಟೀಮ್ ಎಲ್ಲಿ ಹೋಗಿತ್ತು? ಅವರನ್ನ ಯಾರೂ ಕರೆದೇ ಇರಲಿಲ್ಲ. ಗಿಟ್‌ಹಬ್‌ನಲ್ಲಿ ಯಾರನ್ನ ಕರೀಬೇಕು ಅಂತ ಹೇಳೋದು `CODEOWNERS` ಅನ್ನೋ ಫೈಲ್. ಈ ಆ್ಯಪ್‌ನ ಫೈಲ್ ಹೀಗಿತ್ತು ಅಂತ ಇಟ್ಕೊಳ್ಳಿ:

```
*                @company/dev
/src/auth/       @company/security
/src/payments/   @company/security @company/payments
```

ಎಡಗಡೆ ಫೋಲ್ಡರ್, ಬಲಗಡೆ ಅದಕ್ಕೆ ಯಾರು ಹೊಣೆ ಅನ್ನೋದು. ನಮ್ಮ ಬಾಗಿಲು ಇದ್ದಿದ್ದು `middleware` ಫೋಲ್ಡರಲ್ಲಿ. ಅದು ಮೊದಲ ಸಾಲಿಗೆ ಬೀಳುತ್ತೆ, ಹಾಗಾಗಿ ಡೆವ್ ಟೀಮ್‌ನ ಯಾರಾದ್ರೂ ಒಬ್ಬರು ಸಾಕು. ದುಡ್ಡಿನ ಕೋಡ್ ಅಂದ್ರೆ `payments` ಅಂತ ಹೆಸರಿರೋ ಫೋಲ್ಡರ್ ಅಂತ ಈ ಫೈಲ್ ನಂಬಿಕೊಂಡಿದೆ. ಆಡಿಟ್ ಕಲಿತವರು ಹೀಗೆ ಹೋಗಲ್ಲ. ಲೆಡ್ಜರ್‌ನ ಎಂಟ್ರಿಯಿಂದ ಶುರು ಮಾಡಿ ವೋಚರ್ ತನಕ ಹಿಂದಕ್ಕೆ ನಡೀತಾರೆ. ಇಲ್ಲೂ ಹಾಗೇ ಮಾಡಬೇಕು. "ಟಿಕೆಟ್ ಕೊಡು" ಅನ್ನೋ ಸಾಲಿಂದ ಹಿಂದಕ್ಕೆ ಹೋಗಿ, ದಾರಿಯಲ್ಲಿ ಸಿಗೋ ಪ್ರತಿ ಫೈಲನ್ನೂ ಬರ್ಕೊಳ್ಳಿ. ಆ ಪಟ್ಟಿಯೇ ನಿಮ್ಮ ದುಡ್ಡಿನ ಕೋಡ್, ಫೋಲ್ಡರ್ ಹೆಸರು ಏನೇ ಇರಲಿ. ಲಾಗಿನ್‌ಗೂ ಹೀಗೇ, "ಇವರು ಒಳಗೆ ಬಂದ್ರು" ಅಂತ ನಿರ್ಧಾರ ಆಗೋ ಸಾಲಿಂದ ಹಿಂದಕ್ಕೆ.

ಮೂರನೇ ಸಾಲಲ್ಲಿ ಇನ್ನೊಂದು ಗುಂಡಿ ಇದೆ. ನನಗೆ ಇದೇ ಜಾಸ್ತಿ ಆಶ್ಚರ್ಯ ಅನ್ನಿಸಿದ್ದು. ಸೆಕ್ಯುರಿಟಿ, ಪೇಮೆಂಟ್ಸ್ ಎರಡೂ ಟೀಮ್ ಹೆಸರು ಒಂದೇ ಸಾಲಲ್ಲಿದೆ. ಓದಿದವರು ಇಬ್ಬರ ಸಹಿಯೂ ಬೇಕು ಅಂದ್ಕೋತಾರೆ, ಜಾಯಿಂಟ್ ಅಕೌಂಟ್ ತರ. ಆದ್ರೆ ಗಿಟ್‌ಹಬ್ ಅದನ್ನ "ಇಬ್ಬರಲ್ಲಿ ಯಾರಾದ್ರೂ ಒಬ್ಬರು" ಅಂತ ಓದುತ್ತೆ. ಪೇಮೆಂಟ್ಸ್ ಟೀಮಿನವರು ಒಬ್ಬರು ಬರೆದು, ಅದೇ ಟೀಮಿನ ಇನ್ನೊಬ್ಬರು ಒತ್ತಿದ್ರೆ ಮುಗೀತು. ಸರಿ, ಎರಡು ಬೇರೆ ಸಾಲು ಮಾಡೋಣ ಅಂದ್ರೆ ಅದೂ ಆಗಲ್ಲ. ಒಂದು ಫೈಲ್‌ಗೆ ಎರಡು ಸಾಲು ಹೊಂದಿದ್ರೆ ಕೊನೆಯದ್ದಕ್ಕೆ ಮಾತ್ರ ಬೆಲೆ. ಇದೇ ಕಾರಣಕ್ಕೆ `*` ಇರೋ ಸಾಲನ್ನ ಯಾರಾದ್ರೂ ಫೈಲ್‌ನ ತಳಕ್ಕೆ ಹಾಕಿದ್ರೆ ಮೇಲಿರೋದೆಲ್ಲಾ ವ್ಯರ್ಥ.

ದಾರಿ ಇದು. ಮೊದಲು, ಪೇಮೆಂಟ್ ಮುದ್ರೆ ನೋಡೋ ಕೋಡನ್ನ ಎಸ್‌ಎಮ್‌ಎಸ್‌ನಿಂದ ಬಿಡಿಸಿ ಬೇರೆ ಫೋಲ್ಡರ್‌ಗೆ ಹಾಕೋದು. ಆಮೇಲೆ ಆ ಸಾಲುಗಳಲ್ಲಿ ಸೆಕ್ಯುರಿಟಿ ಟೀಮ್ ಒಂದನ್ನೇ ಬರೆಯೋದು:

```
*                       @company/dev
/src/auth/              @company/security
/src/payments/          @company/security
/src/webhooks/verify/   @company/security
/.github/               @company/security
```

ಪೇಮೆಂಟ್ಸ್ ಟೀಮಿನವರೂ ನೋಡಲಿ ಅಂದ್ರೆ, ಕನಿಷ್ಠ ಎರಡು ಅಪ್ರೂವಲ್ ಬೇಕು ಅಂತ ಸೆಟ್ಟಿಂಗ್ ಇಟ್ರೆ, ಒಂದು ಸೆಕ್ಯುರಿಟಿಯದ್ದೇ ಆಗಿರಬೇಕಾಗುತ್ತೆ. ಇನ್ನೊಂದು ಯಾರದ್ದು ಅಂತ ಗಿಟ್‌ಹಬ್ ಇಲ್ಲಿ ಕೇಳಲ್ಲ, ಅದು ಟೀಮಿನೊಳಗಿನ ಶಿಸ್ತು.

ಕೊನೇ ಸಾಲು ಯಾಕೆ ಅಂದ್ರೆ, `CODEOWNERS` ಫೈಲ್ ಇರೋದು ಆ ಫೋಲ್ಡರಲ್ಲೇ. ಅದಕ್ಕೇ ಕಾವಲಿಲ್ಲದಿದ್ರೆ, ಇವತ್ತು ಒಂದು ಸಣ್ಣ ಪುಲ್ ರಿಕ್ವೆಸ್ಟಲ್ಲಿ ಸೆಕ್ಯುರಿಟಿ ಹೆಸರು ತೆಗೆದು, ನಾಳೆ ಪೇಮೆಂಟ್ ಕೋಡ್ ಮುಟ್ಟಬಹುದು.

ಫೈಲ್ ಬರೆದ್ರೆ ಅರ್ಧ ಕೆಲಸ ಅಷ್ಟೇ. ಅದು ಹೆಸರು ಸೂಚಿಸುತ್ತೆ, ತಡೆಯಲ್ಲ. ತಡೆಯೋದು ಬ್ರಾಂಚ್ ಪ್ರೊಟೆಕ್ಷನ್‌ನಲ್ಲಿರೋ `Require review from Code Owners` ಅನ್ನೋ ಟಿಕ್. ಅದರ ಹತ್ತಿರವೇ ಹಳೇ ಅಪ್ರೂವಲ್ ರದ್ದು ಮಾಡೋ ಆಯ್ಕೆ ಇದೆ. ಅದಿಲ್ಲದಿದ್ರೆ ಬೆಳಿಗ್ಗೆ ಸೆಕ್ಯುರಿಟಿಯವರು ಒಪ್ಪಿದ ಮೇಲೆ ಸಂಜೆ ಇನ್ನೂ ನಾಲ್ಕು ಸಾಲು ಸೇರಿಸಿ ಮರ್ಜ್ ಮಾಡಬಹುದು. ಸಹಿ ಹಾಕಿಸ್ಕೊಂಡ ಚೆಕ್ ಮೇಲೆ ಆಮೇಲೆ ಸೊನ್ನೆ ಸೇರಿಸಿದ ಹಾಗೆ.

ಅಡ್ಮಿನ್‌ಗಳಿಗೂ ವಿನಾಯಿತಿ ಬೇಡ. "ನಮ್ಮ ಸೀನಿಯರ್‌ಗಳು ಹಾಗೆ ಮಾಡಲ್ಲ" ಅಂತೀರಾ? ಅವರು ಮಾಡದಿದ್ರೂ ಅವರ ಹೆಸರಲ್ಲಿ ಬೇರೆಯವರು ಮಾಡ್ತಾರೆ. 2021ರ ಮಾರ್ಚ್‌ನಲ್ಲಿ ಪಿಎಚ್‌ಪಿ ಭಾಷೆಯ ಮೂಲ ಕೋಡ್‌ಗೆ ಎರಡು ಕಮಿಟ್ ಬಂದವು, ಒಂದು ಆ ಭಾಷೆ ಹುಟ್ಟುಹಾಕಿದ ರಾಸ್ಮಸ್ ಲೆರ್ಡಾರ್ಫ್ ಹೆಸರಲ್ಲಿ, ಇನ್ನೊಂದು ನಿಕಿತಾ ಪೊಪೊವ್ ಹೆಸರಲ್ಲಿ. ಅಕ್ಷರದೋಷ ತಿದ್ದಿದ್ದು ಅಂತ ವಿವರಣೆ. ಒಳಗಿದ್ದದ್ದು ಹಿಂಬಾಗಿಲು. ವಿಶೇಷ ಹೆಡರ್ ಕಳಿಸಿದವರು ಸರ್ವರ್‌ನಲ್ಲಿ ತಮಗೆ ಬೇಕಾದ ಕೋಡ್ ಓಡಿಸಬಹುದಿತ್ತು. ಅವರಿಬ್ಬರೂ ಅದನ್ನ ಹಾಕಿರಲಿಲ್ಲ. ಕಮಿಟ್ ಆದ ಮೇಲೂ ಓದೋ ಅಭ್ಯಾಸ ಅಲ್ಲಿದ್ದದ್ದರಿಂದ ಕೆಲವೇ ಗಂಟೆಗಳಲ್ಲಿ ಸಿಕ್ಕಿಬಿತ್ತು, ಬಿಡುಗಡೆಯಾದ ಆವೃತ್ತಿಗೆ ಹೋಗಲಿಲ್ಲ. ಆಮೇಲೆ ಪಿಎಚ್‌ಪಿ ತನ್ನ ಸ್ವಂತ ಗಿಟ್ ಸರ್ವರ್ ಬಿಟ್ಟು ಗಿಟ್‌ಹಬ್‌ಗೆ ಬಂತು.

ಇನ್ನು ಡೆವಲಪರ್‌ಗಳ ಗೋಳು. ಅದು ಸುಳ್ಳಲ್ಲ. ಸೆಕ್ಯುರಿಟಿ ಟೀಮಲ್ಲಿ ಇಬ್ಬರು, ಕೋಡ್ ಬರೆಯೋರು 40 ಜನ ಇದ್ರೆ ಕ್ಯೂ ಬೆಳೆಯುತ್ತೆ. ಬಟನ್ ಬಣ್ಣ ಬದಲಾಯಿಸಿದ್ದಕ್ಕೂ ಮೂರು ದಿನ ಕಾಯಬೇಕಾದ್ರೆ ಆ ಇಬ್ಬರೂ ಓದದೆ ಒತ್ತೋಕೆ ಶುರು ಮಾಡ್ತಾರೆ. ಅಲ್ಲಿಗೆ ನಿಯಮ ಸತ್ತ ಹಾಗೆ. ಇದನ್ನ ಪತ್ತೆ ಹಚ್ಚೋದು ಕಷ್ಟ ಅಲ್ಲ. ಕಳೆದ ತಿಂಗಳ ಸೆಕ್ಯುರಿಟಿ ಅಪ್ರೂವಲ್‌ಗಳನ್ನ ತೆಗೆದು ನೋಡಿ. ಎಷ್ಟರಲ್ಲಿ ಒಂದಾದ್ರೂ ಪ್ರಶ್ನೆ ಕೇಳಿದಾರೆ? 500 ಸಾಲಿನ ಬದಲಾವಣೆಗೆ ಎರಡೇ ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿದ್ದು ಎಷ್ಟು? ನನ್ನ ಪ್ರಕಾರ ಕಾವಲು ಫೋಲ್ಡರ್ ಚಿಕ್ಕದಾಗಿರಬೇಕು. ಬಟನ್, ಬಣ್ಣ, ರಸೀದಿಯ ಒಕ್ಕಣೆ ಎಲ್ಲಾ ಆಚೆ. ಮುದ್ರೆ ನೋಡೋದು, ಮೊತ್ತ ನಿರ್ಧರಿಸೋದು, ರೀಫಂಡ್ ಕೊಡೋದು ಒಳಗೆ.

ಒಳಗಿರೋದನ್ನ ಓದುವಾಗ ಏನು ನೋಡ್ತಾರೆ? ಮೊತ್ತ ಎಲ್ಲಿಂದ ಬಂತು, ಫೋನಿಂದ ಬಂದದ್ದನ್ನೇ ನಂಬಿದಾರಾ, ಸರ್ವರ್‌ನಲ್ಲಿರೋ ಆರ್ಡರ್ ಜೊತೆ ಹೋಲಿಸಿದಾರಾ? ರೂಪಾಯಿಯಾ ಪೈಸೆಯಾ? ಪೈಸೆಯಲ್ಲಿ ಲೆಕ್ಕ ಕೇಳೋ ಗೇಟ್‌ವೇಗಳಿವೆ, ಅಲ್ಲಿ 500 ರೂಪಾಯಿ ಅಂದ್ರೆ 50000. ಬರೀ 500 ಅಂತ ಕಳಿಸಿದ್ರೆ ಟಿಕೆಟ್ ಐದು ರೂಪಾಯಿಗೆ ಹೋಯ್ತು. ಒಂದೇ ವೆಬ್‌ಹುಕ್ ಎರಡು ಸಲ ಬಂದ್ರೆ ಎರಡು ಟಿಕೆಟ್ ಹೋಗುತ್ತಾ? ಇಂಥವು.

ರಾತ್ರಿ ಹನ್ನೊಂದಕ್ಕೆ ಪೇಮೆಂಟ್ ನಿಂತುಹೋದ್ರೆ? ಅದಕ್ಕೊಂದು ತುರ್ತು ದಾರಿ ಮೊದಲೇ ಇರಲಿ. ಡ್ಯೂಟಿಯಲ್ಲಿರೋ ಒಬ್ಬರಿಗೆ ಆ ಅಧಿಕಾರ, ಬಳಸಿದ ತಕ್ಷಣ ಸೆಕ್ಯುರಿಟಿ ಟೀಮ್‌ಗೆ ಸೂಚನೆ, ಮಾರನೇ ದಿನ ಅದೇ ಕೋಡ್ ರಿವ್ಯೂ.

ನಿಮ್ಮ ಕಂಪನಿಯ ನಿಯಮ ನಿಜವಾಗಿ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ ಹತ್ತು ನಿಮಿಷ ಸಾಕು. ಮುದ್ರೆ ತಾಳೆ ನೋಡೋ ಫೈಲಲ್ಲಿ ಒಂದು ಕಾಮೆಂಟ್ ಮಾತ್ರ ಬದಲಾಯಿಸಿ ಪುಲ್ ರಿಕ್ವೆಸ್ಟ್ ಹಾಕಿ. ಡ್ರಾಫ್ಟ್ ಆಗಿ ಬೇಡ, ಡ್ರಾಫ್ಟ್‌ಗೆ ಗಿಟ್‌ಹಬ್ ಕೋಡ್ ಓನರ್‌ಗಳನ್ನ ಕರೆಯಲ್ಲ. ರಿವ್ಯೂವರ್ ಪಟ್ಟಿಯಲ್ಲಿ ಸೆಕ್ಯುರಿಟಿ ಟೀಮ್ ತಾನಾಗೇ ಬಂತಾ? ಟೀಮಿನ ಹೊರಗಿನವರು ಅಪ್ರೂವ್ ಮಾಡಿದ ಮೇಲೂ ಮರ್ಜ್‌ಗೆ ತಡೆ ಇದೆಯಾ? ಟೀಮ್ ಬರಲೇ ಇಲ್ಲ ಅಂದ್ರೆ, ಆ ಟೀಮ್‌ಗೆ ರೆಪೊದಲ್ಲಿ ರೈಟ್ ಅನುಮತಿ ಇದೆಯಾ ಅಂತ ಮೊದಲು ನೋಡಿ. ಅದಿಲ್ಲದಿದ್ರೆ `CODEOWNERS`ನಲ್ಲಿ ಅವರ ಹೆಸರಿದ್ರೂ ಗಿಟ್‌ಹಬ್ ಲೆಕ್ಕಕ್ಕೆ ತಗೊಳ್ಳಲ್ಲ. ನೋಡಿ ಆದ್ಮೇಲೆ ಆ ಪುಲ್ ರಿಕ್ವೆಸ್ಟ್ ಮುಚ್ಚೋದು ಮರೀಬೇಡಿ.