ಬೋರ್ಡ್‌ಗಾಗಿ ಬರೆಯುವ ಪ್ರೊಫೈಲ್: ಓದುವವರ ಕಡೆಯಿಂದ



ಹಿರಿಯ ಅಧಿಕಾರಿಗಳು ಸ್ವತಂತ್ರ ನಿರ್ದೇಶಕ ಸ್ಥಾನಕ್ಕೆಂದು ಕಳಿಸುವ ಪ್ರೊಫೈಲ್‌ಗಳಲ್ಲಿ ಬಹುಪಾಲು ಉದ್ಯೋಗ ಕೇಳುವ ಬಯೋಡೇಟಾದ ಹಾಗೆಯೇ ಇರುತ್ತವೆ. ಅವನ್ನು ಓದುವವರು ಯಾರು ಎಂಬುದರಿಂದಲೇ ಇಂದಿನ ವಿಚಾರ ಸಂಕಿರಣದ ಚರ್ಚೆ ಶುರುವಾಗಬೇಕೆಂಬುದು ನನ್ನ ಆಶಯ.

ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಲ್ಲಿ ಪ್ರೊಫೈಲನ್ನು ಮೊದಲು ಓದುವುದು ನಾಮನಿರ್ದೇಶನ ಮತ್ತು ವೇತನ ಸಮಿತಿ. ಸೆಬಿಯ ನಿಯಮದಂತೆ 2022ರ ಜನವರಿಯಿಂದ, ಸ್ವತಂತ್ರ ನಿರ್ದೇಶಕರ ಪ್ರತಿ ನೇಮಕಕ್ಕೂ ಮುನ್ನ ಈ ಸಮಿತಿ ಮಂಡಳಿಯಲ್ಲಿರುವ ಕೌಶಲ, ಜ್ಞಾನ, ಅನುಭವಗಳ ಸಮತೋಲನವನ್ನು ಅಳೆದು, ಬರುವವರಿಂದ ಏನು ಬೇಕು ಎಂದು ಬರೆದಿಡಬೇಕು. ಹೀಗಾಗಿ ಅವರ ಕೈಗೆ ನಿಮ್ಮ ಪ್ರೊಫೈಲ್ ಬರುವ ಹೊತ್ತಿಗೆ ಖಾಲಿ ಇರುವ ಜಾಗದ ಆಕಾರ ಗೊತ್ತಾಗಿರುತ್ತದೆ. ಹೊರಗಿನವರೂ ಅದನ್ನು ಒಂದಷ್ಟು ಊಹಿಸಬಹುದು. ವಾರ್ಷಿಕ ವರದಿಯ ಕಾರ್ಪೊರೇಟ್ ಆಡಳಿತ ಭಾಗದಲ್ಲಿ ಮಂಡಳಿಗೆ ಬೇಕಾದ ಕೌಶಲಗಳ ಕೋಷ್ಟಕ ಇರುತ್ತದೆ. ಯಾವ ಕೌಶಲ ಯಾವ ನಿರ್ದೇಶಕರಲ್ಲಿದೆ ಎಂದು ಹೆಸರು ಸಮೇತ ತೋರಿಸಿರುತ್ತಾರೆ. ಒಂದು ಕೌಶಲದ ಮುಂದೆ ಒಬ್ಬರದೇ ಹೆಸರಿದ್ದು, ಅವರ ಎರಡನೇ ಅವಧಿ ಮುಗಿಯುತ್ತಾ ಬಂದಿದ್ದರೆ ಅಲ್ಲೊಂದು ಜಾಗ ತೆರವಾಗಲಿದೆ ಎಂದರ್ಥ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದ ವಾಹನ ಬಿಡಿಭಾಗಗಳ ಕಂಪನಿಯೊಂದರ ಉತ್ಪಾದನಾ ಮುಖ್ಯಸ್ಥೆ. ಅವರ ಪ್ರೊಫೈಲಿನ ಸಾರಾಂಶ ಹೀಗಿದೆ: "28 ವರ್ಷಗಳ ಅನುಭವ. ಮೂರು ಘಟಕಗಳನ್ನು ಮುನ್ನಡೆಸಿ ಉತ್ಪಾದನೆಯನ್ನು ದ್ವಿಗುಣಗೊಳಿಸಿದ್ದೇನೆ. ಫಲಿತಾಂಶಕ್ಕಾಗಿ ಹಟ ಹಿಡಿದು ದುಡಿಯುವ ನಾಯಕಿ." ಇದರಲ್ಲಿ ಸುಳ್ಳೇನಿಲ್ಲ. ಆದರೆ ಇದನ್ನು ಓದಿದ ಸಮಿತಿಯ ಸದಸ್ಯರಿಗೆ, ಈಕೆ ಮಂಡಳಿಗೆ ಬಂದರೆ ಕಾರ್ಖಾನೆಯನ್ನು ತಾವೇ ನಡೆಸಲು ಹೊರಟಾರು, ಎಂಡಿಯವರ ಕೆಲಸದಲ್ಲಿ ಕೈಹಾಕಿಯಾರು ಎಂಬ ಅಳುಕು ಹುಟ್ಟುತ್ತದೆ. ಅದೇ ಬದುಕನ್ನು ಹೀಗೂ ಬರೆಯಬಹುದು: "ಉತ್ಪಾದನಾ ಕ್ಷೇತ್ರದವರು. ಮೂರು ಘಟಕಗಳ ವಿಸ್ತರಣೆಯ ಬಂಡವಾಳ ಪ್ರಸ್ತಾವಗಳನ್ನು ಮಂಡಳಿಯ ಮುಂದೆ ಮಂಡಿಸಿದ್ದಾರೆ. ಬೇಡಿಕೆಯ ಅಂದಾಜು ಮರುಪರಿಶೀಲನೆಯಲ್ಲಿ ನಿಲ್ಲದಿದ್ದಾಗ ನಾಲ್ಕನೆಯದನ್ನು ತಾವೇ ಹಿಂಪಡೆದಿದ್ದಾರೆ. ಕಾರ್ಮಿಕರ ಸುರಕ್ಷತೆ ಮತ್ತು ಪೂರೈಕೆ ಸರಪಳಿಯ ಅಪಾಯಗಳ ಬಗ್ಗೆ ಲೆಕ್ಕಪರಿಶೋಧನಾ ಸಮಿತಿಗೆ ಪ್ರತಿ ತ್ರೈಮಾಸಿಕದಲ್ಲೂ ವರದಿ ನೀಡಿದ್ದಾರೆ."

ಎರಡನೆಯದರ ಜೀವ ಆ ಹಿಂಪಡೆದ ಪ್ರಸ್ತಾವದಲ್ಲಿದೆ. ಮಂಡಳಿಗೆ ಬೇಕಿರುವುದು ತೀರ್ಮಾನವನ್ನು ತೂಗಬಲ್ಲ ಬುದ್ಧಿ. ಆ ಒಂದು ಸಾಲು ಅದನ್ನು ಕಾಣಿಸುತ್ತದೆ. "ನಾನು" ಹೋಗಿ "ಅವರು" ಬಂದಿರುವುದಕ್ಕೂ ಕಾರಣವುಂಟು. ನೇಮಕಕ್ಕೆ ಷೇರುದಾರರ ಒಪ್ಪಿಗೆ ಕೇಳುವ ಸೂಚನಾ ಪತ್ರದಲ್ಲಿ ನಿಮ್ಮ ಸಂಕ್ಷಿಪ್ತ ಪರಿಚಯ ಅಚ್ಚಾಗುತ್ತದೆ. ಸಾಮಾನ್ಯವಾಗಿ ಆ ಒಪ್ಪಿಗೆ ವಿಶೇಷ ನಿರ್ಣಯದ ಮೂಲಕ. ಚಲಾವಣೆಯಾದ ಮತಗಳಲ್ಲಿ ಮುಕ್ಕಾಲು ಪಾಲು ಪರವಾಗಿ ಬೀಳಬೇಕು. ಕಂಪನಿ ಕಾರ್ಯದರ್ಶಿ ಹಾಗೆಯೇ ಎತ್ತಿ ಅಲ್ಲಿಡಬಹುದಾದ ಬರಹ ಕೊಟ್ಟರೆ ನಿಮ್ಮ ದನಿ ಕೆಡದೆ ಷೇರುದಾರರಿಗೆ ತಲುಪುತ್ತದೆ.

ಆಡಳಿತದ ಅನುಭವದ ವಿಷಯದಲ್ಲಿ ನಿಖರವಾಗಿರಿ ಎಂದು ಕಳಕಳಿಯಿಂದ ಕೇಳುತ್ತೇನೆ. ಲೆಕ್ಕಪರಿಶೋಧನಾ ಸಮಿತಿಗೆ ಆಹ್ವಾನಿತರಾಗಿ ಹೋಗಿ ಕುಳಿತವರು ಅದರ ಸದಸ್ಯರಲ್ಲ. "ಸಮಿತಿಯ ಅನುಭವ" ಎಂದು ತೇಲಿಸಿ ಬರೆದರೆ ಹಳೆಯ ವಾರ್ಷಿಕ ವರದಿಯಲ್ಲಿ ಸದಸ್ಯರ ಹೆಸರು ನೋಡಿದವರಿಗೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಆಮೇಲೆ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ. "ಆಹ್ವಾನಿತರಾಗಿ, ಇಂಥ ವಿಷಯಕ್ಕೆ ಉತ್ತರ ಕೊಡಲು" ಎಂದೇ ಬರೆಯಿರಿ, ಅದರಿಂದ ಕುಂದೇನಿಲ್ಲ. ಅಧೀನ ಕಂಪನಿಯ ನಿರ್ದೇಶಕತ್ವ, ಪತ್ತಿನ ಸಹಕಾರ ಸಂಘದ ಆಡಳಿತ ಮಂಡಳಿ, ಶಾಲೆಯ ಟ್ರಸ್ಟ್ ಇವನ್ನು ನಮ್ಮವರು ಸಂಕೋಚದಿಂದ ಕೊನೆಯ ಪುಟಕ್ಕೆ ತಳ್ಳುತ್ತಾರೆ. ಸಾಲದ ಬಾಕಿ, ಸಂಬಂಧಿಕರಿಗೆ ಕೊಟ್ಟ ಗುತ್ತಿಗೆ, ಲೆಕ್ಕಪರಿಶೋಧಕರ ಆಕ್ಷೇಪಣೆ ಇಂಥದ್ದೇನಾದರೂ ಅಲ್ಲಿ ನಿಮ್ಮ ಮುಂದೆ ಬಂದು ನೀವೊಂದು ನಿಲುವು ತಳೆದಿದ್ದರೆ ಅದಕ್ಕೆ ಮೊದಲ ಪುಟದಲ್ಲೇ ಜಾಗವಿದೆ. ಸಭೆಯ ಗೋಪ್ಯತೆ ಮುರಿಯದಂತೆ ಸಮಸ್ಯೆಯ ಸ್ವರೂಪವನ್ನು ಮಾತ್ರ ಹೇಳಿ, ವ್ಯಕ್ತಿಗಳನ್ನು ಬಿಡಿ. ಸ್ವತಂತ್ರ ನಿರ್ದೇಶಕರ ದತ್ತಾಂಶಕೋಶದಲ್ಲಿನ ನೋಂದಣಿ ಕಾನೂನಿನ ಅಗತ್ಯ. ಅದಕ್ಕೆ ಒಂದು ಸಾಲು ಸಾಕು.

ಇನ್ನು ಚಿಂತನಾ ನಾಯಕತ್ವ. ದಿನಕ್ಕೊಂದು ಅಭಿಪ್ರಾಯ ಹಂಚಿಕೊಳ್ಳುವವರನ್ನು ಕಂಡರೆ ಸಮಿತಿಗಳು ಹಿಂಜರಿಯುತ್ತವೆ. ಒಳಗಿನ ಮಾತು ಹೊರಗೆ ಹೋದೀತೆಂಬ ಭಯ ಸಹಜ. ನಮ್ಮ ಉತ್ಪಾದನಾ ಮುಖ್ಯಸ್ಥೆ ಒಂದೇ ಪ್ರಶ್ನೆಯನ್ನು ಹಿಡಿಯಲಿ: ಒಬ್ಬನೇ ಪೂರೈಕೆದಾರನ ಮೇಲಿನ ಅವಲಂಬನೆಯನ್ನು ಮಂಡಳಿ ಯಾವ ಸೂಚನೆಗಳಿಂದ ಗುರುತಿಸಬೇಕು? ಇದರ ಮೇಲೆ ವರ್ಷಕ್ಕೆ ಎರಡು ಗಟ್ಟಿ ಲೇಖನ, ಒಂದು ಉಪನ್ಯಾಸ ಸಾಕು. ಬರಹ ಮಂಡಳಿಯ ಕುರ್ಚಿಯಿಂದ ಕೇಳಬೇಕಾದ ಪ್ರಶ್ನೆಗಳಲ್ಲಿ ಮುಗಿಯಲಿ. ಉದ್ಯೋಗದಾತರ ಪ್ರಕಟವಾಗದ ಅಂಕಿಅಂಶ ಮಾತ್ರ ಅದರಲ್ಲಿ ನುಸುಳಬಾರದು.

ಮಧ್ಯಾಹ್ನದ ಗೋಷ್ಠಿಗೆ ಬರುವಾಗ ನಿಮಗೆ ಆಸಕ್ತಿಯಿರುವ ಒಂದು ಕಂಪನಿಯ ವಾರ್ಷಿಕ ವರದಿಯನ್ನು, ನಿಮ್ಮ ಈಗಿನ ಸಾರಾಂಶವನ್ನು ಜೊತೆಗೆ ತನ್ನಿ. ಸಾರಾಂಶವನ್ನು ಕೌಶಲ ಕೋಷ್ಟಕದ ಪಕ್ಕದಲ್ಲಿಟ್ಟು ಅದರ ಒಂದೊಂದು ಸಾಲನ್ನೂ ಓದೋಣ.